ಕಲರ್ ಗ್ರೇಡಿಂಗ್‌ನ ಪರದೆ ಪರಿಶೀಲನೆ

ಪರದೆ ಪರಿಶೀಲನೆ ಎಂದರೆ ಚಿತ್ರವೊಂದರ ಅಂತಿಮ ವರ್ಣವಿನ್ಯಾಸವು ಪ್ರಖರವಾದ ಮೊಬೈಲ್‌ನಲ್ಲಿಯೂ ಮಂದವಾದ ಟಿವಿಯಲ್ಲಿಯೂ ಸರಿಯಾಗಿ ಕಾಣುವುದೇ ಎಂದು ನೋಡುವ ಕ್ರಮ. ಎಚ್‌ಡಿಆರ್ ಅಲ್ಲದ ಚಿತ್ರಗಳ ಗ್ರೇಡಿಂಗ್ ಸಾಮಾನ್ಯವಾಗಿ ಮಬ್ಬುಬೆಳಕಿನ ಕೋಣೆಯಲ್ಲಿ, ಸುಮಾರು 100 ನಿಟ್ ಪ್ರಕಾಶಕ್ಕೆ ಹೊಂದಿಸಿದ ಮಾನಿಟರ್ ಮೇಲೆ ನಡೆಯುತ್ತದೆ. ಅಲ್ಲಿ ಸ್ಪಷ್ಟವಾಗಿರುವ ನೆರಳಿನ ವಿವರಗಳು ಬೆಳಕು ತುಂಬಿದ ಮನೆಯ ಟಿವಿಯಲ್ಲಿ ಕಪ್ಪಿನೊಳಗೆ ಮುಳುಗಬಹುದು.

‘ಗೇಮ್ ಆಫ್ ಥ್ರೋನ್ಸ್’ ಸರಣಿಯ ‘ದಿ ಲಾಂಗ್ ನೈಟ್’ (2019) ಕಂತು ಇದಕ್ಕೆ ಪ್ರಸಿದ್ಧ ನಿದರ್ಶನ. ಕತ್ತಲಿನ ಯುದ್ಧದಲ್ಲಿ ಏನೂ ಕಾಣುತ್ತಿಲ್ಲವೆಂದು ವೀಕ್ಷಕರು ದೂರಿದಾಗ, ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಟಿವಿಗಳ ಹೊಂದಾಣಿಕೆ ಸರಿಯಿಲ್ಲದಿರುವುದೇ ದೊಡ್ಡ ಕಾರಣವೆಂದರು. ಆದರೆ ವೀಕ್ಷಕರ ಟಿವಿಯನ್ನು ತಿದ್ದುವುದು ಗ್ರೇಡ್ ಮಾಡುವವರ ಕೈಯಲ್ಲಿಲ್ಲ.

ಆದ್ದರಿಂದ ಅತಿ ಗಾಢವಾದ ದೃಶ್ಯವನ್ನು ಪ್ರಸಾರಕ್ಕೆಂದು ಸಂಕುಚಿಸಿದ ರೂಪದಲ್ಲೇ ಎರಡೂ ಪರದೆಗಳಲ್ಲಿ ನೋಡಲಾಗುತ್ತದೆ. ಟಿವಿಯಲ್ಲಿ ಮುಖಗಳನ್ನು ಗುರುತಿಸಲಾಗದಿದ್ದರೆ ಮಧ್ಯಮ ಛಾಯೆಗಳನ್ನು ತುಸು ಎತ್ತುತ್ತಾರೆ. ಕಪ್ಪನ್ನೇ ಎತ್ತಿದರೆ ಮೊಬೈಲ್‌ನಲ್ಲಿ ಚಿತ್ರವು ಬೂದುಬಣ್ಣಕ್ಕೆ ಮಾಸಿ, ನೆರಳಿನಲ್ಲಿ ಸಂಕೋಚನದ ಚೌಕಗಳು ಎದ್ದುಕಾಣುತ್ತವೆ. ತಿದ್ದುಪಡಿ ಮಾತ್ರ ಮೂಲ ಮಾನಿಟರ್‌ನಲ್ಲೇ ನಡೆಯುತ್ತದೆ.