ನಾಗಪುರದ ಬಿಸಿಲಿಗೆ ಯಾವ ಗೋಡೆ? ಎಎಸಿ ಬ್ಲಾಕ್ ಮತ್ತು ಕೆಂಪು ಇಟ್ಟಿಗೆ

ನೌತಪಾದ ಊರು

ಮೇ ಕೊನೆಯ ವಾರ ನಮ್ಮ ರೈತರು ರೋಹಿಣಿ ಮಳೆಗೆ ಕಾಯುವ ಹೊತ್ತಿಗೆ ನಾಗಪುರದವರು ನೌತಪಾ ಎಣಿಸುತ್ತಿರುತ್ತಾರೆ. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಮೊದಲ ಒಂಬತ್ತು ದಿನಗಳ ಉರಿಗೆ ಅಲ್ಲಿ ಆ ಹೆಸರು. ಇದರ ಹಿಂದೆ ಲೆಕ್ಕವೂ ಇದೆ. ಊರು 21 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲಿರುವುದರಿಂದ ಮೇ 26ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಮೇ ತಿಂಗಳ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 42–43 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕನಿಷ್ಠ 28ರ ಆಸುಪಾಸು. 2013ರ ಮೇ 23ರಂದು ಪಾದರಸ 47.9ಕ್ಕೇರಿತ್ತು.

ನೆತ್ತಿಯ ಸೂರ್ಯನಿಂದ ಗೋಡೆಗಳಿಗೆ ಒಂದು ವಿಚಿತ್ರ ಪರಿಣಾಮ ಆಗುತ್ತದೆ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದು ತೀರಾ ಕಡಿಮೆ. ಏಟು ತಿನ್ನುವುದು ತಾರಸಿ, ಆಮೇಲೆ ಪೂರ್ವ ಮತ್ತು ಪಶ್ಚಿಮದ ಗೋಡೆಗಳು. ಅದರಲ್ಲೂ ಪಶ್ಚಿಮದ ಗೋಡೆಗೆ ಬಿಸಿಲು ಬೀಳುವುದು ಗಾಳಿ ಆಗಲೇ ಕಾದು ಸುಡುತ್ತಿರುವ ಹೊತ್ತಿನಲ್ಲಿ. ಇಟ್ಟಿಗೆಯೋ ಬ್ಲಾಕೋ ಎಂಬ ಪ್ರಶ್ನೆ ನಿಜವಾಗಿ ಏಳುವುದು ಈ ಗೋಡೆಯ ಮುಂದೆಯೇ.

ಬೂದಿಯಿಂದ ಬ್ಲಾಕ್

ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್ ಎಂಬ ಉದ್ದ ಹೆಸರನ್ನು ಕಟ್ಟಡದವರು ಎಎಸಿ ಎಂದು ಮುಗಿಸುತ್ತಾರೆ. ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ 1920ರ ದಶಕದಲ್ಲಿ ರೂಪಿಸಿದ ಈ ವಸ್ತುವಿಗೆ ಅಲ್ಲಿ ಬಳಸಿದ್ದು ಮರಳು ಅಥವಾ ಶೇಲ್ ಕಲ್ಲಿನ ಪುಡಿ. ನಮ್ಮಲ್ಲಿ ಮುಖ್ಯ ಕಚ್ಚಾವಸ್ತು ಹಾರುಬೂದಿ. ನಾಗಪುರದ ಮಗ್ಗುಲಲ್ಲೇ ಕೊರಾಡಿ ಮತ್ತು ಖಾಪರಖೇಡಾ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿವೆ, ಹಾಗಾಗಿ ಬೂದಿಗೆ ಬರವಿಲ್ಲ. ರಾಯಚೂರಿನ ಶಕ್ತಿನಗರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೂದಿಯನ್ನು ನೀರಿನಲ್ಲಿ ಕದಡಿ ಸಿಮೆಂಟ್, ಸುಣ್ಣ, ಸ್ವಲ್ಪ ಜಿಪ್ಸಂ ಸೇರಿಸುತ್ತಾರೆ. ಕೊನೆಗೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಬೀಳುತ್ತದೆ. ಅದು ಸುಣ್ಣದ ಜೊತೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಅಚ್ಚಿನಲ್ಲಿರುವ ರಾಡಿ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಕೈಯೊತ್ತಿದರೆ ಗುರುತು ಮೂಡುವಷ್ಟು ಗಟ್ಟಿಯಾದಾಗ ತಂತಿಯಿಂದ ಕೊಯ್ದು, ಸುಮಾರು 180–190 ಡಿಗ್ರಿಯ ಹಬೆಯಲ್ಲಿ, ವಾತಾವರಣದ ಹತ್ತು ಹನ್ನೆರಡು ಪಟ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹೊರಬರುವ ಬ್ಲಾಕಿನ ಬಹುಪಾಲು ಗಾಳಿಯೇ. ಒಣಗಿದ ಮೇಲೆ ಒಂದು ಘನ ಮೀಟರ್ ಸುಮಾರು 600 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆ 1,600ರಿಂದ 1,900 ಕಿಲೋ.

ಗೋಡೆ ದಾಟುವ ಶಾಖ

ಸೆರೆಸಿಕ್ಕ ಗಾಳಿ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಭಾರತೀಯ ಮಾನಕ ಬ್ಯೂರೋದ 1987ರ ಎಸ್‌ಪಿ 41 ಕೈಪಿಡಿ ಸುಟ್ಟ ಇಟ್ಟಿಗೆಯ ಶಾಖವಾಹಕತೆಯನ್ನು ಮೀಟರ್-ಡಿಗ್ರಿಗೆ 0.811 ವ್ಯಾಟ್ ಎನ್ನುತ್ತದೆ. ಎಎಸಿ ಬ್ಲಾಕಿನ ಮಾನಕ ಐಎಸ್ 2185ರ ಮೂರನೆಯ ಭಾಗ. 551ರಿಂದ 650 ಕಿಲೋ ಸಾಂದ್ರತೆಯ ಬ್ಲಾಕಿಗೆ ಅದು ಹಾಕಿರುವ ಮಿತಿ 0.24.

ಹಾಗೆಂದು ಗೋಡೆಯೂ ಮೂರೂವರೆ ಪಟ್ಟು ಉತ್ತಮವೆಂದುಕೊಳ್ಳಬಾರದು. ಜಾಹೀರಾತುಗಳು ಜಾರುವುದು ಇಲ್ಲೇ. ಎರಡೂ ಬದಿಯ ಗಿಲಾವು ಮತ್ತು ಗೋಡೆಗೆ ಅಂಟಿದ ತೆಳು ಗಾಳಿಯ ಪದರವೂ ಶಾಖವನ್ನು ತಡೆಯುತ್ತವೆ, ಅವು ಎರಡೂ ಗೋಡೆಗಳಿಗೆ ಸಮಾನ. ಇವನ್ನೆಲ್ಲ ಕೂಡಿಸಿದರೆ 230 ಮಿಲಿಮೀಟರಿನ, ಅಂದರೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಸುಮಾರು 2 ವ್ಯಾಟ್ ದಾಟುತ್ತದೆ. 200 ಮಿಲಿಮೀಟರಿನ ಎಎಸಿ ಗೋಡೆಯಲ್ಲಿ 0.96 ವ್ಯಾಟ್. ಇದನ್ನೇ ಎಂಜಿನಿಯರುಗಳು ಯು-ಮೌಲ್ಯ ಎನ್ನುವುದು. ಅಂದರೆ ಶಾಖ ಅರ್ಧಕ್ಕಿಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಪಶ್ಚಿಮದ ಒಂದು ಗೋಡೆ

ನಾಗಪುರದ ಒಂದು ಫ್ಲ್ಯಾಟಿನ ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಪಶ್ಚಿಮಕ್ಕೆ ಸುಮಾರು 11 ಚದರ ಮೀಟರಿನ ಗೋಡೆ, ಬಣ್ಣ ತಿಳಿಯೂ ಅಲ್ಲ ಗಾಢವೂ ಅಲ್ಲ. ಮೇ ತಿಂಗಳ ಹಗಲು ರಾತ್ರಿ ಸೇರಿದ ಸರಾಸರಿ ಉಷ್ಣತೆ 35–36 ಡಿಗ್ರಿ ಎಂದಿಟ್ಟುಕೊಂಡು ಗೋಡೆಗೆ ಬಿದ್ದ ಬಿಸಿಲನ್ನೂ ಸೇರಿಸಿದರೆ, ಗೋಡೆಯ ಪಾಲಿಗೆ ಹೊರಗಿನ ಸರಾಸರಿ 40 ಡಿಗ್ರಿಯಾಗುತ್ತದೆ. ಒಳಗೆ ಕೂಲರ್ 32 ಡಿಗ್ರಿ ಕಾಯ್ದುಕೊಂಡಿದೆ. ವ್ಯತ್ಯಾಸ 8 ಡಿಗ್ರಿ. ಇಟ್ಟಿಗೆ ಗೋಡೆಯಿಂದ ದಿನವಿಡೀ ಸರಾಸರಿ 178 ವ್ಯಾಟ್ ಒಳಬರುತ್ತದೆ, ಎಎಸಿ ಗೋಡೆಯಿಂದ ಸುಮಾರು 84. ಇಪ್ಪತ್ತನಾಲ್ಕು ಗಂಟೆಗೆ 4.3 ಯೂನಿಟ್ ಒಂದೆಡೆ, 2 ಯೂನಿಟ್ ಇನ್ನೊಂದೆಡೆ.

ಮೈಗೆ ತಿಳಿಯುವುದು ಈ ಯೂನಿಟ್ಟುಗಳಲ್ಲ, ಗೋಡೆಯ ಒಳಮೈ. ಸಂಜೆ ಕಳೆದು ಶಾಖ ಒಳಗೆ ತಲುಪುವ ಹೊತ್ತಿಗೆ ಇಟ್ಟಿಗೆ ಗೋಡೆಯ ಒಳಮೈ ಕೋಣೆಯ ಗಾಳಿಗಿಂತ ಸುಮಾರು 4 ಡಿಗ್ರಿ ಬಿಸಿ ಇರುತ್ತದೆ, ಎಎಸಿಯದು 2 ಡಿಗ್ರಿ. ಕೂಲರ್ ಓಡುತ್ತಿದ್ದರೂ ಗೋಡೆಯ ಕಡೆಗಿನ ಭುಜ ಬೆಚ್ಚಗಾಗುವುದು ಇದರಿಂದ. ಮಂಚದ ತಲೆದೆಸೆ ಆ ಗೋಡೆಗೇ ಇದ್ದರಂತೂ ರಾತ್ರಿ ಹತ್ತರ ಮೇಲೂ ನಿದ್ದೆ ಹತ್ತುವುದಿಲ್ಲ.

ಇದೇ ಗೋಡೆಗೆ ಹೊರಗಿನಿಂದ ಬಿಳಿ ಬಣ್ಣ ಬಳಿದರೆ ಹೀರುವ ಬಿಸಿಲು ಸರಿಸುಮಾರು ಅರ್ಧವಾಗುತ್ತದೆ. ಗೋಡೆ ಒಡೆಯಲಾಗದವರಿಗೆ ಉಳಿದಿರುವ ಅಗ್ಗದ ದಾರಿ ಇದು.

ಶಾಖ ಕೂಡಿಡುವ ಗುಣ

ಇಟ್ಟಿಗೆಯ ಪರ ವಾದಿಸುವವರು ಅದು ಶಾಖವನ್ನು ತಡಮಾಡಿ ಬಿಡುತ್ತದೆ ಎನ್ನುತ್ತಾರೆ. ನಿಜ, ಆದರೆ ಎಎಸಿಯೂ ಅಷ್ಟೇ ತಡಮಾಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆಯಲ್ಲಾಗಲಿ ಎಂಟು ಇಂಚಿನ ಬ್ಲಾಕಿನಲ್ಲಾಗಲಿ ಶಾಖದ ಅಲೆ ಒಳಗೆ ತಲುಪಲು ಆರೇಳು ಗಂಟೆ ಬೇಕು. ಇಟ್ಟಿಗೆ ತಡಮಾಡುವುದು ಹೆಚ್ಚು ಹೀರುವುದರಿಂದ, ಬ್ಲಾಕ್ ತಡಮಾಡುವುದು ಮೆಲ್ಲಗೆ ದಾಟಿಸುವುದರಿಂದ.

ಅಂತರ ಕಾಣುವುದು ಕೋಣೆಯೊಳಗೇ ಹುಟ್ಟುವ ಅಥವಾ ಒಳನುಗ್ಗುವ ಶಾಖದ ವಿಷಯದಲ್ಲಿ. ಒಂದು ಡಿಗ್ರಿ ಬಿಸಿಯಾಗಲು ಇಟ್ಟಿಗೆ ಗೋಡೆಗೆ ಚದರ ಮೀಟರಿಗೆ ಸುಮಾರು 370 ಕಿಲೋಜೂಲ್ ಬೇಕಾದರೆ ಎಎಸಿ ಗೋಡೆಗೆ 126 ಸಾಕು. ಅಡುಗೆಯ ಬೆಂಕಿ, ಫ್ರಿಜ್ಜು, ಕಿಟಕಿಯಿಂದ ಬಿದ್ದ ಬಿಸಿಲು ಇವನ್ನೆಲ್ಲ ಇಟ್ಟಿಗೆ ಗೋಡೆ ಮೆಲ್ಲಗೆ ನುಂಗಿಕೊಳ್ಳುತ್ತದೆ. ಎಎಸಿ ಗೋಡೆಗೆ ಆ ಹೊಟ್ಟೆ ಇಲ್ಲ, ಅದರ ಒಳಮೈ ಬೇಗ ಕಾದು ಕೋಣೆಯ ಗಾಳಿಯೂ ಬೇಗ ಏರುತ್ತದೆ. ಹಗಲು ಕಿಟಕಿ ತೆರೆದು 43 ಡಿಗ್ರಿಯ ಗಾಳಿಯನ್ನು ಒಳಗೆ ಬಿಟ್ಟುಕೊಂಡವರು ಬ್ಲಾಕಿನ ಮನೆ ಸೆಕೆ ಎಂದು ದೂರಿದರೆ ಅದರಲ್ಲಿ ಸುಳ್ಳಿಲ್ಲ.

ರಾತ್ರಿ ಇದು ತಿರುಗುಮುರುಗಾಗುತ್ತದೆ. ಕಿಟಕಿ ತೆರೆದಾಗ, ಇಲ್ಲವೇ ಎಸಿ ಹಾಕಿದಾಗ ಬ್ಲಾಕಿನ ಕೋಣೆ ಬೇಗ ತಣಿಯುತ್ತದೆ. ಇಟ್ಟಿಗೆ ಗೋಡೆ ದಿನದ ಸಾಲವನ್ನು ತೀರಿಸುತ್ತಾ ಕೂರುತ್ತದೆ. ಮಾರ್ಚ್ ತಿಂಗಳಲ್ಲಿ ನಾಗಪುರದ ರಾತ್ರಿ ತಂಪಾಗಿರುತ್ತದೆ, ಆ ಸಾಲ ಬೆಳಗಾಗುವುದರೊಳಗೆ ತೀರುತ್ತದೆ. ಆಗ ಇಟ್ಟಿಗೆ ಮನೆಯೇ ಹಿತ. ಮೇ ತಿಂಗಳ ಬಿಸಿಗಾಳಿಯಲ್ಲಿ ರಾತ್ರಿಯೂ 30 ಡಿಗ್ರಿಯ ಕೆಳಗಿಳಿಯದಿದ್ದರೆ ಬಾಕಿ ಮರುದಿನಕ್ಕೆ ಸೇರುತ್ತದೆ. ದಪ್ಪ ಗೋಡೆಯ ಹಳೆಯ ಮನೆಯವರು ತಾರಸಿಯ ಮೇಲೆ ಹಾಸಿಗೆ ಹಾಸುತ್ತಿದ್ದುದು ಸುಮ್ಮನೆ ಅಲ್ಲ.

ನಾಗಪುರದ ಮನೆಮನೆಯಲ್ಲಿರುವ ಲಾವಂಚದ ಕೂಲರ್ ಈ ಜಗಳದಲ್ಲಿ ಅರ್ಧ ಬ್ಲಾಕಿನ ಪರ. ಅದು ಹೊರಗಿನ ಒಣಗಾಳಿಯನ್ನೇ ತೇವಗೊಳಿಸಿ ಒಳಗೆ ನೂಕುವುದರಿಂದ ಕೋಣೆಯ ಗಾಳಿ ಹೇಗಿರಬೇಕೆಂದು ತೀರ್ಮಾನಿಸುವುದು ಕೂಲರೇ. ಗೋಡೆಯಿಂದ ಉಳಿಯುವ ಲಾಭ ಮೇಲೆ ಹೇಳಿದ ಒಳಮೈಯ ಎರಡು ಡಿಗ್ರಿ ಮಾತ್ರ.

ಕೆಡುವುದು ಎಲ್ಲಿ

ಮೊದಲನೆಯದು ದಪ್ಪ. ಬ್ಲಾಕ್ ಹಗುರ, ಆದ್ದರಿಂದ ಬಿಲ್ಡರ್ ಹೊರಗೋಡೆಯನ್ನು ಒಂಬತ್ತು ಇಂಚಿನಿಂದ ಆರಕ್ಕೆ, ಕೆಲವೊಮ್ಮೆ ನಾಲ್ಕಕ್ಕೆ ಇಳಿಸಿ ಕೋಣೆಯ ಜಾಗ ಹೆಚ್ಚಿಸುತ್ತಾನೆ. ಆರು ಇಂಚಿನ ಎಎಸಿಗೆ ಯು-ಮೌಲ್ಯ 1.2, ಇಟ್ಟಿಗೆಗಿಂತ ಈಗಲೂ ಮೇಲು. ನಾಲ್ಕು ಇಂಚಿಗೆ 1.6, ಜೊತೆಗೆ ಶಾಖ ನಾಲ್ಕು ಗಂಟೆಯೊಳಗೇ ದಾಟಿ ಸಂಜೆ ಏಳಕ್ಕೆ ಕೋಣೆಗೆ ಬರುತ್ತದೆ. ಪಶ್ಚಿಮದ ಹೊರಗೋಡೆಗೆ ಅದು ಬೇಡವೇ ಬೇಡ.

ಎರಡನೆಯದು ಕಂಬ ಮತ್ತು ತೊಲೆ. ಕಾಂಕ್ರೀಟಿನಲ್ಲಿ ಶಾಖ ಇಟ್ಟಿಗೆಗಿಂತಲೂ ಸಲೀಸಾಗಿ ದಾಟುತ್ತದೆ; ಗಿಲಾವು ಸೇರಿ ಅದರ ಯು-ಮೌಲ್ಯ ಮೂರರ ಹತ್ತಿರ. ಗೋಡೆಯ ಕಾಲುಭಾಗ ಕಂಬ ತೊಲೆಗಳೇ ಆದರೆ 0.96 ಎಂದುಕೊಂಡ ಎಎಸಿ ಗೋಡೆಯ ಸರಾಸರಿ 1.4 ದಾಟುತ್ತದೆ. ಸಂಜೆ ಗೋಡೆಯ ಮೇಲೆ ಅಂಗೈ ಇಟ್ಟು ಸವರಿದರೆ ಕಂಬ ಎಲ್ಲಿದೆ ಎಂದು ಕಣ್ಣು ಮುಚ್ಚಿಯೂ ಹೇಳಬಹುದು. ಗಾರೆಯ ಕೀಲುಗಳು ಇದರ ಮುಂದೆ ಸಣ್ಣ ಮಾತು: ಮೂರು ಮಿಲಿಮೀಟರಿನ ಅಂಟಿನ ಬದಲು ಹನ್ನೆರಡು ಮಿಲಿಮೀಟರಿನ ಮರಳು-ಸಿಮೆಂಟ್ ಗಾರೆ ಹಾಕಿದರೆ ಆರು ಶೇಕಡದಷ್ಟು ನಷ್ಟ.

ಮೂರನೆಯದು ನೀರು. ಇಟ್ಟಿಗೆಯನ್ನು ನೀರಲ್ಲಿ ನೆನೆಸಿಯೇ ಕಟ್ಟಬೇಕು ಎಂಬುದು ಮೇಸ್ತ್ರಿಯ ಕೈಗೆ ಅಂಟಿದ ಪಾಠ. ಅದೇ ಕೈ ಬ್ಲಾಕಿಗೂ ಪೈಪು ಹಿಡಿಯುತ್ತದೆ. ಎಎಸಿ ತೂಕದ ಶೇಕಡ ಒಂದರಷ್ಟು ನೀರು ಕುಡಿದರೆ ಅದರ ಶಾಖವಾಹಕತೆ ಸುಮಾರು ಶೇಕಡ ನಾಲ್ಕು ಏರುತ್ತದೆ; ಶೇಕಡ ಹತ್ತು ಕುಡಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಕಾರ್ಖಾನೆಯಿಂದ ಹೊಸದಾಗಿ ಬಂದ ಬ್ಲಾಕಿನಲ್ಲಿ ತೂಕದ ಶೇಕಡ 25–35 ನೀರೇ ಇರುವುದುಂಟು. ಅದು ಒಣಗುವ ಮೊದಲೇ ಗಿಲಾವು ಬಳಿದರೆ ಕುಗ್ಗುವಾಗ ಬಿರುಕು ಬಿಡುತ್ತದೆ, ಹೆಚ್ಚಾಗಿ ಕಂಬ ಮತ್ತು ಬ್ಲಾಕ್ ಕೂಡುವ ಗೆರೆಯಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಆ ಗೆರೆಯಿಂದ ಒಳಸೇರಿದರೆ ಗೋಡೆ ಮತ್ತೆ ಒದ್ದೆ. ಆ ಕೂಡುಗೆರೆಗೆ ಜಾಲರಿ ಬಡಿದೇ ಗಿಲಾವು ಮಾಡಬೇಕು. ಬ್ಲಾಕಿನ ಮೈಗೆ ಕಟ್ಟುವ ಮುನ್ನ ತುಸು ನೀರು ಚಿಮುಕಿಸಿದರೆ ಸಾಕು.

ಬ್ಲಾಕ್ ಅಸಲಿಯೇ ಎಂದು ತಿಳಿಯಲು ತಕ್ಕಡಿ ಸಾಕು. 600×200×200 ಮಿಲಿಮೀಟರಿನ ಬ್ಲಾಕ್ ಒಣಗಿದಾಗ 14–15 ಕಿಲೋ, ಹೊಸದಾಗಿ ಒದ್ದೆಯಿದ್ದರೆ 18–19. ಒಣಗಿದ ಬ್ಲಾಕೇ ಇಪ್ಪತ್ತು ದಾಟಿದರೆ ಅದು ಹಬೆಯಲ್ಲಿ ಬೇಯಿಸದ, ನೊರೆ ಬೆರೆಸಿ ಮಾಡಿದ ಬೇರೆ ಜಾತಿಯ ಬ್ಲಾಕ್ ಆಗಿರಬಹುದು. ಅದಕ್ಕೆ ಮೇಲಿನ ಯಾವ ಅಂಕಿಯೂ ಅನ್ವಯಿಸದು.

ಹಾಗಾದರೆ ಯಾವುದು?

ನಾಗಪುರದಲ್ಲಾಗಲಿ ಅಂಥದೇ ಬಿಸಿಲಿನ ಕಲಬುರಗಿ, ರಾಯಚೂರುಗಳಲ್ಲಾಗಲಿ ಪೂರ್ವ ಮತ್ತು ಪಶ್ಚಿಮದ ಹೊರಗೋಡೆಗೆ ಎಂಟು ಇಂಚಿನ ಎಎಸಿ, ಒಳಗಿನ ಅಡ್ಡಗೋಡೆಗಳಿಗೆ ನಾಲ್ಕೂವರೆ ಇಂಚಿನ ಕೆಂಪು ಇಟ್ಟಿಗೆ ಎಂಬುದು ನನ್ನ ಮತ. ಹೊರಗೋಡೆ ಬಿಸಿಲನ್ನು ತಡೆದರೆ ಒಳಗೋಡೆ ಮನೆಯೊಳಗಿನ ಏರುಪೇರನ್ನು ಹೀರಿಕೊಳ್ಳುತ್ತದೆ. ಅಡ್ಡಗೋಡೆಯ ಹೆಚ್ಚಿನ ಭಾರವನ್ನು ಎಂಜಿನಿಯರ್ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು, ಕಟ್ಟಡ ಎದ್ದ ಮೇಲೆ ಬದಲಿಸುವಂತಿಲ್ಲ. ಎಲ್ಲ ಕೋಣೆಗೂ ಎಸಿ ಹಾಕಿಸುವವರು ಪೂರ್ತಿ ಬ್ಲಾಕಿನಲ್ಲೇ ಕಟ್ಟಬಹುದು.

ಮನೆ ಮೇಲಿನ ಮಹಡಿಯಲ್ಲಿದ್ದರೆ ಮಾತ್ರ ದುಡ್ಡು ಮೊದಲು ತಾರಸಿಗೆ ಹೋಗಲಿ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಚಾವಣಿಗೆ ಒಪ್ಪುವ ಗರಿಷ್ಠ ಯು-ಮೌಲ್ಯ 1.2. ಬರಿಯ ಕಾಂಕ್ರೀಟ್ ತಾರಸಿಯದು ಅದರ ಎರಡು ಪಟ್ಟಿಗೂ ಹೆಚ್ಚು.