ಬೆಳೆ ವಿಮೆ: ತಿರಸ್ಕೃತ ಪರಿಹಾರದ ಮರುಕೋರಿಕೆ (ಚಿತ್ರದುರ್ಗ ಜಿಲ್ಲೆ)

ಬೆಳೆ ವಿಮೆಯ ಕಂತು ಕಟ್ಟಿದ ರೈತನಿಗೆ ಪರಿಹಾರ ನಿರಾಕರಣೆಯಾದಾಗ, ಹೊಲದ ದಾಖಲೆ ಮತ್ತು ಕೃಷಿ ಅಧಿಕಾರಿಯ ವರದಿಯನ್ನು ಲಗತ್ತಿಸಿ ವಿಮಾ ಕಂಪನಿಗೆ ಸಲ್ಲಿಸುವ ಎರಡನೆಯ ಅರ್ಜಿಯೇ ಮರುಕೋರಿಕೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಶೇಂಗಾ, ಮೆಕ್ಕೆಜೋಳ, ಈರುಳ್ಳಿ, ರಾಗಿ, ತೊಗರಿ ಮುಂತಾದ ಬೆಳೆಗಳಿಗೆ ಇದು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಚೌಕಟ್ಟಿನಲ್ಲಿ ನಡೆಯುತ್ತದೆ. 2016ರ ಮುಂಗಾರಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತ ವಿಮಾ ಮೊತ್ತದ ಶೇ. 2ರಷ್ಟನ್ನು ಮುಂಗಾರಿಗೂ ಶೇ. 1.5ರಷ್ಟನ್ನು ಹಿಂಗಾರಿಗೂ ಕಟ್ಟುತ್ತಾನೆ. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಅವನ ಪಾಲು ಶೇ. 5.

ಮರುಕೋರಿಕೆಯ ಫಲ ಯಾವ ಕಾರಣಕ್ಕೆ ಪರಿಹಾರ ನಿರಾಕರಣೆಯಾಯಿತು ಎಂಬುದನ್ನು ಅವಲಂಬಿಸುತ್ತದೆ. ಕೃಷಿ ಅಧಿಕಾರಿಯ ಒಂದೇ ವರದಿ ಒಂದು ಕಡೆ ನಿರ್ಣಾಯಕವಾದರೆ ಇನ್ನೊಂದು ಕಡೆ ನಿಷ್ಪ್ರಯೋಜಕ. ಇದಕ್ಕೆ ಕಾರಣ ವಿಮೆಯ ಚರಿತ್ರೆಯಲ್ಲಿದೆ.

ಹಿನ್ನೆಲೆ

ಭಾರತದಲ್ಲಿ ಬೆಳೆ ವಿಮೆಯ ಮೊದಲ ವಿವರವಾದ ಯೋಜನೆ ರೂಪುಗೊಂಡದ್ದು ಚಿತ್ರದುರ್ಗವನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿ ಮಳೆ ಆಧಾರಿತ ವಿಮೆಯ ಪ್ರಸ್ತಾವವನ್ನು 1915ರ ಸುಮಾರಿಗೆ ಮುಂದಿಟ್ಟು, 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟ ಅಳೆಯುವ ಬದಲು ಒಂದು ಪ್ರದೇಶದಲ್ಲಿ ಬಿದ್ದ ಮಳೆಯನ್ನು ಅಳೆದು, ಕೊರತೆಯಾದರೆ ಆ ಪ್ರದೇಶದ ವಿಮಾದಾರರೆಲ್ಲರಿಗೂ ಹಣ ಕೊಡಬೇಕೆಂಬುದು ಅವರ ಯೋಚನೆಯ ತಿರುಳು. ಯೋಜನೆ ಆಗ ಜಾರಿಯಾಗಲಿಲ್ಲ. ಆದರೆ ಪ್ರದೇಶವನ್ನೇ ಘಟಕವಾಗಿ ಹಿಡಿಯುವ ತತ್ವ ಉಳಿಯಿತು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಮಳೆಯ ಜಾಗದಲ್ಲಿ ಇಳುವರಿಯನ್ನು ಇಟ್ಟು ಅದೇ ತತ್ವವನ್ನು ಬೆಳೆಸಿದರು. 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, ಈಗಿನ ಫಸಲ್ ಬಿಮಾ ಮೂರೂ ಈ ತಳಹದಿಯ ಮೇಲೆ ನಿಂತಿವೆ. ಚಕ್ರವರ್ತಿಯವರ ಮಳೆ ಮಾಪನದ ದಾರಿ ಕರ್ನಾಟಕಕ್ಕೆ ಮರಳಿದ್ದು 2007ರಲ್ಲಿ, ಹವಾಮಾನ ಆಧಾರಿತ ವಿಮೆಯ ಪ್ರಯೋಗದೊಂದಿಗೆ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳಿಗೆ ಇಂದು ಅನ್ವಯಿಸುವುದು ಈ ಎರಡನೆಯ ಬಗೆ. ಅಲ್ಲಿ ಮಾಪನ ಕೇಂದ್ರದ ಅಂಕಿಯೇ ಪರಿಹಾರವನ್ನು ನಿರ್ಧರಿಸುವುದರಿಂದ ಕೃಷಿ ಅಧಿಕಾರಿಯ ನಷ್ಟ ವರದಿಗೆ ಸ್ಥಾನವಿಲ್ಲ.

ವರದಿಯ ತೂಕ

ಇಳುವರಿ ಆಧಾರದ ಪರಿಹಾರದಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಸಾಮಾನ್ಯವಾಗಿ ಹೋಬಳಿ ಘಟಕ. ಪಂಚಾಯಿತಿಯಲ್ಲಿ ಆರಿಸಿದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ ಸರಾಸರಿ ಇಳುವರಿ ಕಂಡುಕೊಳ್ಳುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಗೆ ನಿಗದಿತ ಶೇಕಡಾವಾರು ಹಚ್ಚಿದರೆ ಪ್ರಾರಂಭಿಕ ಇಳುವರಿ ಸಿಗುತ್ತದೆ. ಈ ವರ್ಷದ್ದು ಅದಕ್ಕಿಂತ ಕಡಿಮೆಯಾದಷ್ಟು ಪ್ರಮಾಣದಲ್ಲಿ ಪರಿಹಾರ. ಪಂಚಾಯಿತಿಯ ಸರಾಸರಿ ಕುಸಿಯದಿದ್ದರೆ ಒಬ್ಬನ ಹೊಲ ಪೂರ್ತಿ ಒಣಗಿದ್ದರೂ ಅಧಿಕಾರಿಯ ವರದಿ ಪ್ರಯೋಜನಕ್ಕೆ ಬಾರದು. ಬರ ಪರಿಹಾರಕ್ಕಾಗಿ ಕಂದಾಯ ಮತ್ತು ಕೃಷಿ ಇಲಾಖೆ ನಡೆಸುವ ಜಂಟಿ ಸಮೀಕ್ಷೆಯ ವರದಿಯನ್ನು ಇಂಥ ಅರ್ಜಿಗೆ ಅಂಟಿಸುವುದುಂಟು. ಅದು ಶೇ. 33 ಮತ್ತು ಅದಕ್ಕಿಂತ ಹೆಚ್ಚು ನಷ್ಟಕ್ಕೆ ಸರ್ಕಾರ ಕೊಡುವ ನೆರವಿನ ದಾಖಲೆ, ವಿಮೆಯದಲ್ಲ.

ಆಲಿಕಲ್ಲು, ಜಲಾವೃತ, ಮೇಘಸ್ಫೋಟದಂಥ ಸ್ಥಳೀಯ ವಿಕೋಪದಲ್ಲಿ ಮತ್ತು ಕಟಾವಿನ ನಂತರ 14 ದಿನದೊಳಗೆ ಹೊಲದಲ್ಲೇ ಒಣಗಲು ಹರಡಿದ್ದ ಬೆಳೆ ಅಕಾಲಿಕ ಮಳೆಗೆ ಹಾಳಾದಾಗ ಮಾತ್ರ ಘಟಕ ರೈತನ ಹೊಲವಾಗುತ್ತದೆ. ಆಗ ಕಂಪನಿಯ ನಷ್ಟ ಮಾಪಕ, ಕೃಷಿ ಅಧಿಕಾರಿ ಮತ್ತು ರೈತ ಕೂಡಿ ನಡೆಸಿದ ಪರಿಶೀಲನೆಯೇ ತೀರ್ಮಾನಕ್ಕೆ ಆಧಾರ. ಇಲ್ಲಿ ನಿರಾಕರಣೆಗೆ ದೊಡ್ಡ ಕಾರಣ ತಡವಾದ ಮಾಹಿತಿ. 72 ಗಂಟೆಯೊಳಗೆ ಸಹಾಯವಾಣಿ 14447ಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ತಿಳಿಸಿ ದೂರು ಸಂಖ್ಯೆ ಅಥವಾ ಸ್ವೀಕೃತಿ ಪಡೆದಿರಬೇಕು. ತಡವಾಗಿ ಬರೆದ ವರದಿ ಎಷ್ಟೇ ಸರಿಯಾಗಿದ್ದರೂ ಈ ಕೊರತೆಯನ್ನು ತುಂಬುವುದು ಕಷ್ಟ.

ಬೆಳೆ ತಾಳೆಯಾಗದಿರುವುದು

ಮೂರನೆಯ ಬಗೆಯ ತಿರಸ್ಕಾರದಲ್ಲಿ ಮರುಕೋರಿಕೆಗೆ ಹೆಚ್ಚು ಅವಕಾಶವಿದೆ. ವಿಮೆಗೆ ನೋಂದಾಯಿಸಿದ ಬೆಳೆಯನ್ನು ರಾಜ್ಯದ ಬೆಳೆ ಸಮೀಕ್ಷೆಯ ದತ್ತಾಂಶದೊಂದಿಗೆ ಹೋಲಿಸಿ, ಹೊಂದಿಕೆಯಾಗದ ಪ್ರಸ್ತಾವಗಳನ್ನು ತಿರಸ್ಕರಿಸಲಾಗುತ್ತದೆ. ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರಗಳಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕಡಿಮೆ ಅವಧಿ ಕೊಡುತ್ತಾರೆ. ‘ಸಂರಕ್ಷಣೆ’ ಜಾಲತಾಣದಲ್ಲಿ ಪ್ರಸ್ತಾವದ ಸ್ಥಿತಿಯನ್ನೂ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ತನ್ನ ಸರ್ವೆ ನಂಬರಿಗೆ ದಾಖಲಾದ ಬೆಳೆಯನ್ನೂ ರೈತ ನೋಡಬಹುದು.

ತಪ್ಪು ಹೇಗಾಗುತ್ತದೆ ಎಂಬುದಕ್ಕೆ ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯಂಥ ಖುಷ್ಕಿ ಸೀಮೆಯ ಕಲ್ಪಿತ ಪ್ರಕರಣವೊಂದನ್ನು ನೋಡಬಹುದು. ರೈತ 1.2 ಹೆಕ್ಟೇರಿನಲ್ಲಿ ಶೇಂಗಾ ಬಿತ್ತಿ ನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟಿದ್ದಾನೆ, ವಿಮೆ ಶೇಂಗಾಕ್ಕೆ. ಶೇಂಗಾ ಕಿತ್ತ ಮೇಲೂ ತೊಗರಿ ವಾರಗಟ್ಟಲೆ ನಿಂತಿರುತ್ತದೆ. ಸಮೀಕ್ಷೆಯವರು ಆಗ ಬಂದು ಫೋಟೊ ತೆಗೆದರೆ ದಾಖಲಾಗುವುದು ತೊಗರಿ ಮಾತ್ರ. ಪಂಚಾಯಿತಿಯ ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 800 ಕಿಲೊ, ಆ ವರ್ಷದ್ದು 480 ಕಿಲೊ ಎಂದುಕೊಂಡರೆ ಕೊರತೆ ಶೇ. 40. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿಯಾದರೆ 1,200 ರೂಪಾಯಿ ಕಂತಿಗೆ ಅವನಿಗೆ 24,000 ರೂಪಾಯಿ ಬರಬೇಕು. ಅಕ್ಕಪಕ್ಕದವರಿಗೆ ಅದೇ ಪ್ರಮಾಣದಲ್ಲಿ ಹಣ ಬಂದು ಇವನಿಗೆ ಬಾರದಿದ್ದರೆ ಮೊದಲು ನೋಡಬೇಕಾದದ್ದು ಈ ದಾಖಲೆಯನ್ನೇ.

ಅವನ ಅರ್ಜಿ ನಷ್ಟವನ್ನು ರುಜುವಾತು ಮಾಡಬೇಕಿಲ್ಲ, ಅದು ಪಂಚಾಯಿತಿ ಮಟ್ಟದಲ್ಲಿ ಆಗಲೇ ಒಪ್ಪಿತವಾಗಿದೆ. ರುಜುವಾತಾಗಬೇಕಾದದ್ದು ಆ ಸರ್ವೆ ನಂಬರಿನಲ್ಲಿ ಶೇಂಗಾ ಇತ್ತೆಂಬುದು. ಪಹಣಿಯಲ್ಲಿನ ಬೆಳೆ ನಮೂದು ಸಾಮಾನ್ಯವಾಗಿ ಕೇಳುವ ದಾಖಲೆ. ಆದರೆ ಸಮೀಕ್ಷೆಯ ದತ್ತಾಂಶವೇ ಪಹಣಿಗೂ ಹೋಗುವ ಕಡೆ ಅದು ಅದೇ ತಪ್ಪನ್ನು ಮತ್ತೆ ಹೇಳುತ್ತದೆ. ಆದ್ದರಿಂದ ಎಪಿಎಂಸಿಯಲ್ಲಿ ಶೇಂಗಾ ಮಾರಿದ ಅಥವಾ ಬೆಂಬಲ ಬೆಲೆ ಕೇಂದ್ರಕ್ಕೆ ಕೊಟ್ಟ ರಶೀದಿ ಹೆಚ್ಚು ಬಲವಾದ ಸಾಕ್ಷ್ಯ. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ ಕೊಂಡ ಬಿಲ್ಲು ಮತ್ತು ದಿನಾಂಕ, ಸ್ಥಳ ದಾಖಲಾದ ಫೋಟೊ ಅದಕ್ಕೆ ಪೂರಕ. ಕೃಷಿ ಅಧಿಕಾರಿಯ ವರದಿಯಲ್ಲಿ ಸರ್ವೆ ನಂಬರು, ಹಿಸ್ಸಾ, ಶೇಂಗಾ ಮತ್ತು ತೊಗರಿಯ ವಿಸ್ತೀರ್ಣ, ಬಿತ್ತನೆಯ ಕಾಲ, ಹೊಲ ನೋಡಿದ ದಿನ ಇರಬೇಕು. ‘ಬೆಳೆ ನಷ್ಟವಾಗಿದೆ’ ಎಂದಷ್ಟೇ ಬರೆದ ವರದಿ ಇಲ್ಲಿ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವಾಗುತ್ತದೆ. ಮಳೆಯಾಶ್ರಿತ ಮತ್ತು ನೀರಾವರಿ ಬೆಳೆಗಳನ್ನು ಬೇರೆಬೇರೆಯಾಗಿ ಅಧಿಸೂಚಿಸಿರುವಲ್ಲಿ ಆ ವಿವರವನ್ನೂ ಸ್ಪಷ್ಟವಾಗಿ ಬರೆಸಬೇಕು. ಭರಮಸಾಗರ, ತುರುವನೂರು ಭಾಗದ ಈರುಳ್ಳಿಗೆ ಇದು ಮುಖ್ಯ.

ತಪ್ಪು ಬ್ಯಾಂಕಿನದೋ ನೋಂದಣಿ ಕೇಂದ್ರದ್ದೋ ಆಗಿ, ಬೇರೆ ಸರ್ವೆ ನಂಬರು ಅಥವಾ ಬೇರೆ ಬೆಳೆ ನಮೂದಾಗಿದ್ದರೆ ಹೊಣೆ ಆ ಸಂಸ್ಥೆಯದೆಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಆಗ ಅರ್ಜಿಯ ಪ್ರತಿಯನ್ನು ಆ ಸಂಸ್ಥೆಗೂ ಕೊಡಬೇಕು.

ಮುಂದಿನ ಹಂತ

ಕಂಪನಿ ಒಪ್ಪದಿದ್ದರೆ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ, ಅಲ್ಲಿಂದ ರಾಜ್ಯ ಸಮಿತಿಗೆ ಹೋಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲೂ ದೂರು ಕೊಡಬಹುದು. ರೈತ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಲು ಕಾಯ್ದೆ ಅವಕಾಶ ಕೊಡುತ್ತದೆ. ಕಾಲಮಿತಿ ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷ. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಮಿತಿಗೆ ಕೊಟ್ಟ ಅರ್ಜಿ ಉತ್ತರವಿಲ್ಲದೆ ಉಳಿದಿದ್ದರೂ ಈ 2 ವರ್ಷ ಓಡುತ್ತಲೇ ಇರುತ್ತವೆಂದು ಭಾವಿಸಿ ನಡೆಯುವುದು ಕ್ಷೇಮ. ಆದುದರಿಂದ ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆದು, ಅದರ ದಿನಾಂಕವನ್ನು ಕಡತದ ಮೊದಲ ಪುಟದಲ್ಲೇ ಇಡುತ್ತಾರೆ.