ಏಳನೆಯ ದಿನ ಎಲ್ಲಿದೆ?

ಹಳೆಯ ಪ್ರಬಂಧಗಳಲ್ಲಿ ನನಗೆ ಆಗಾಗ ಸಿಗುವ ಉಲ್ಲೇಖ ‘ಆದಿ. 1:1–2:3’. ‘ಆದಿ.’ ಎಂದರೆ ಬೈಬಲಿನ ಆದಿಕಾಂಡ. ಎರಡು ಚುಕ್ಕಿಗಳ ಹಿಂದಿನ ಅಂಕಿ ಅಧ್ಯಾಯ, ಮುಂದಿನದು ವಚನ. ನಡುವಿನ ಅಡ್ಡಗೆರೆಯನ್ನು ‘ರಿಂದ, ವರೆಗೆ’ ಎಂದು ಓದಬೇಕು. ಗೆರೆಯಾಚೆಯೂ ಚುಕ್ಕಿಗಳಿದ್ದರೆ ಓದು ಇನ್ನೊಂದು ಅಧ್ಯಾಯಕ್ಕೆ ದಾಟುತ್ತದೆ. ಬರೀ ‘1:1–3’ ಆಗಿದ್ದರೆ ಮೊದಲ ಅಧ್ಯಾಯದ ಮೂರು ವಚನಗಳಷ್ಟೇ.

ಈ ದಾಟುವಿಕೆಯ ಹಿಂದೆ ಚರಿತ್ರೆಯಿದೆ. ಪ್ರಾಚೀನ ಹೀಬ್ರೂ ಪ್ರತಿಗಳಲ್ಲಿ ಅಧ್ಯಾಯದ ಅಂಕಿಗಳಿರಲಿಲ್ಲ. ಇಂದಿನ ವಿಭಜನೆ 13ನೆಯ ಶತಮಾನದ್ದು. ಸ್ಟೀಫನ್ ಲ್ಯಾಂಗ್ಟನ್ ಮಾಡಿದನೆಂಬುದು ರೂಢಿಯ ಮಾತು. ಆ ವಿಭಜನೆಯಲ್ಲಿ ಮೊದಲ ಅಧ್ಯಾಯ ಸೃಷ್ಟಿಯ ಆರನೆಯ ದಿನಕ್ಕೇ ಮುಗಿಯಿತು. ದೇವರು ವಿಶ್ರಮಿಸಿದ ಏಳನೆಯ ದಿನ ಎರಡನೆಯ ಅಧ್ಯಾಯದ ಮೊದಲ ಮೂರು ವಚನಗಳಿಗೆ ಹೋಯಿತು. ಅಧ್ಯಾಯ ಮುಗಿಯಿತೆಂದು ಅಲ್ಲೇ ನಿಂತವರಿಗೆ ಸಿಗುವುದು ಆರು ದಿನಗಳ ವಾರ.